ಲಕ್ಷ್ಮಪ್ಪನವರ ಗಾದಿ ಬರಲಿಲ್ಲ

ಪೋಸ್ಟಿನವನು ಬಂದಾಗ ಹತ್ತಿ ಹಿಂಜುವ ಮಷೀನು ನಡೆದಿತ್ತು. ಅವನು ಕೂಗಿದ್ದು ನನಗೆ ಕೇಳಿಸಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದದ್ದು ನೋಡಿ ಬಟನ್ ಒತ್ತಿ ನಿಲ್ಲಿಸಿದೆ. ಹಾರುತ್ತಿದ್ದ ಅರಳೆ ನಿಧಾನವಾಗಿ ಕೆಳಗಿಳಿಯಿತು.

"ರಜಿಸ್ಟರ್ ಬಂದೈತಿ ನೋಡ ಕಾಕಾ. ಸಹಿ ಮಾಡು" ಅಂದ.

"ಎಲ್ಲಿಂದ?"

"ನರಗುಂದದಿಂದ."

ನರಗುಂದದಲ್ಲಿ ನನಗೆ ಕಾಗದ ಬರೆಯುವವರು ಯಾರೂ ಇಲ್ಲ. ಸಹಿ ಮಾಡುವಾಗ ನನ್ನ ಬೆರಳಿಗೆ ಅಂಟಿದ್ದ ಹತ್ತಿ ಅವನ ಪುಸ್ತಕಕ್ಕೂ ಅಂಟಿತು. ಅವನು ಉಫ್ ಎಂದು ಊದಿ ಸೈಕಲ್ ಹತ್ತಿದ.

ಅದು ಎರಡು ಸಾವಿರದ ಮೂರನೇ ಇಸವಿ, ಡಿಸೆಂಬರ್ ಎರಡು, ಮಂಗಳವಾರ. ನಾನು ಕಲಿತದ್ದು ಮೂರನೇ ಇಯತ್ತೆ. ಅಚ್ಚಿನ ಅಕ್ಷರವಾದರೆ ಕೂಡಿಸಿಕೊಂಡು ಓದುತ್ತೇನೆ, ಕೈಬರಹಕ್ಕೆ ಹೊತ್ತು ಬೇಕು. ಈ ಕಾಗದ ಬರೆದವರು ಮಾಸ್ತರರು, ಅಕ್ಷರ ದುಂಡಗಿದ್ದವು. ಅದಕ್ಕೇ ಪೂರಾ ಓದಲು ಬಂತು. ಓದಲು ಬರದಿದ್ದರೆ ಚಲೋ ಇತ್ತು ಅಂತ ಆಮೇಲೆ ಅನ್ನಿಸಿತು.

ಬರೆದವರು ಸಿದ್ದರಾಮೇಶ, ನನ್ನ ಮಳಿಗೆಯ ಮಾಲೀಕರಾದ ಲಕ್ಷ್ಮಪ್ಪನವರ ಮಗ. ನರಗುಂದದಲ್ಲಿ ಸಾಲಿ ಮಾಸ್ತರರು. ಕಾಗದದಲ್ಲಿ ಹೀಗಿತ್ತು: "ಗಜೇಂದ್ರಗಡದಲ್ಲಿರುವ ನಮ್ಮ ತಂದೆಯವರ ಮಳಿಗೆಯ ಬಾಡಿಗೆ ಕರಾರು ಇದೇ ಡಿಸೆಂಬರ್ ೩೧ಕ್ಕೆ ಮುಗಿಯುತ್ತದೆ. ಮತ್ತೆ ಹನ್ನೊಂದು ತಿಂಗಳಿಗೆ ಮುಂದುವರಿಸುವಿರೋ ಬಿಡುವಿರೋ ಎಂಬುದನ್ನು ೧೫ನೇ ತಾರೀಖಿನೊಳಗೆ ಬರೆದು, ಇಲ್ಲವೆ ಕೆಳಗಿನ ನಂಬರಿಗೆ ಫೋನ್ ಮಾಡಿ ತಿಳಿಸಬೇಕು. ಮುಂದುವರಿಸುವುದಾದರೆ ಪ್ರತಿಸಲದಂತೆ ಬಾಡಿಗೆ ನೂರಕ್ಕೆ ಐದು ಹೆಚ್ಚಾಗುತ್ತದೆ, ಉಳಿದ ಶರತ್ತು ಹಿಂದಿನಂತೆಯೇ. ಆ ತಾರೀಖಿನೊಳಗೆ ಉತ್ತರ ಬಾರದಿದ್ದರೆ ನೀವು ಬಿಡುವಿರಿ ಎಂದು ತಿಳಿದು ಬೇರೆಯವರಿಗೆ ಮಾತು ಕೊಡಬೇಕಾಗುತ್ತದೆ."

ಕೆಳಗೆ ಫೋನ್ ನಂಬರು, ಸಹಿ. ಇಷ್ಟೇ.

ಈಗ ಓದಿದರೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆದರೆ ಅವತ್ತು ನಾನು ಹೆದರಿದೆ. ಯಾಕೆಂದರೆ ಗಾದಿ ಬಂದಿರಲಿಲ್ಲ.

ಈ ಗಾದಿಯ ಮಾತು ಹೇಳಬೇಕು. ಲಕ್ಷ್ಮಪ್ಪನವರು ಲಕ್ಕಲಕಟ್ಟಿಯವರು. ಎಂಬತ್ತೆರಡನೇ ಇಸವಿಯ ಡಿಸೆಂಬರಿನಲ್ಲಿ ನನಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಈ ಮಳಿಗೆ ಕೊಟ್ಟರು. ಆಗ ಬೇರೆ ಯಾರೂ ನನಗೆ ಜಾಗ ಕೊಡಲೊಲ್ಲರು. ಪಿಂಜಾರನೆಂದರೆ ಧೂಳು, ಅರಳೆ ಹಾರಿ ಬಾಜೂದವರ ಚಹಾದ ಕಪ್ಪಿನಲ್ಲಿ ಬೀಳುತ್ತದೆ, ಒಂದು ಬೀಡಿ ಕಿಡಿ ಬಿದ್ದರೆ ಸಾಲಿಗೆ ಸಾಲು ಮಳಿಗೆ ಹೊತ್ತಿಕೊಳ್ಳುತ್ತದೆ ಎಂಬ ಭಯ. ಲಕ್ಷ್ಮಪ್ಪನವರು ಒಬ್ಬರೇ, "ಹತ್ತಿ ಬೆಳಿಯೂ ಊರಾಗ ಹತ್ತಿ ಹಿಂಜಾಂವಗ ಜಾಗ ಇಲ್ಲಂದ್ರ ಹ್ಯಾಂಗಪಾ" ಎಂದು ಕೊಟ್ಟರು. ಹನ್ನೊಂದು ತಿಂಗಳ ಕರಾರು. ಮೊದಲ ಕರಾರು ಮುಗಿಯಲು ಒಂದು ತಿಂಗಳಿದ್ದಾಗ ಅವರ ಮನೆಯಿಂದ ಟಾಂಗಾದಲ್ಲಿ ಒಂದು ಗಾದಿ ಬಂತು, ಅವರೇ ಮಲಗುವ ಗಾದಿ. ಅದರ ಹಿಂದೆಯೇ ಅವರು ಬಂದರು. "ಇದನ್ನ ಒಡದು ಹೊಸದಾಗಿ ಹಿಂಜು. ನೀ ಇರಾಂವ ಹೌದಲ್ಲೋ?" ಅಂದರು. ಹೌದ್ರಿ ಅಂದೆ. ಅದರ ಕೂಲಿ ನಾನು ತೆಗೆದುಕೊಳ್ಳಲಿಲ್ಲ, ಅವರೂ ಕೊಡಲಿಲ್ಲ. ನಾಲ್ಕು ದಿನಕ್ಕೆ ಬಾಂಡ್ ಕಾಗದ ತಂದು ಇಬ್ಬರು ಸಾಕ್ಷಿದಾರರ ಮುಂದೆ ಗಟ್ಟಿಯಾಗಿ ಓದಿದರು. ಸಹಿ ಮಾಡಿದೆ. ಆಮೇಲೆ ಗಾದಿ ಒಯ್ದರು.

ಅಂದಿನಿಂದ ಅದೇ ಪದ್ಧತಿ. ಹನ್ನೊಂದು ತಿಂಗಳ ಲೆಕ್ಕವಾದ್ದರಿಂದ ಅದು ನಮ್ಮ ರಮ್ಜಾನ್, ಬಕ್ರೀದ್ ಹಬ್ಬಗಳ ಹಾಗೆ ಪ್ರತಿ ಸಲ ಹಿಂದೆ ಸರಿಯುತ್ತ ಚಳಿಯಲ್ಲಿ, ಬಿಸಿಲಲ್ಲಿ, ಮಳೆಯಲ್ಲಿ, ಎಲ್ಲ ಕಾಲದಲ್ಲೂ ಬಂದಿದೆ. ಒಮ್ಮೆ ಮಳೆಯಲ್ಲಿ ನೆನೆದು ಬಂದ ಗಾದಿಯನ್ನು ಮೂರು ದಿನ ಮಷೀನಿನ ಪಕ್ಕ ಒಣಗಿಸಿದ್ದೆ. ಇಪ್ಪತ್ತೆರಡು ಸಲ ಬಂದಿದೆ, ಒಂದು ಸಲವೂ ತಪ್ಪಿಲ್ಲ. ಮೊದಲು ಗಾದಿ, ಆಮೇಲೆ ಮಾತು, ಆಮೇಲೆ ಕಾಗದ. ಸಾವಕಾರರ ಗಾದಿ ನನ್ನ ಮಳಿಗೆಯಲ್ಲಿ ಇರುವಾಗ ಅವರು ನನ್ನನ್ನು ಹೊರಗೆ ಹಾಕುವವರಲ್ಲ. ಆ ಧೈರ್ಯದ ಮೇಲೆ ನಾನು ಸಹಿ ಮಾಡುತ್ತಿದ್ದೆ.

ಈ ಸಲ ಗಾದಿ ಇಲ್ಲ, ಬರೇ ಕಾಗದ. ಅದೂ ರಜಿಸ್ಟರ್.

ಮನೆಗೆ ಹೋಗಿ ಬಿಸ್ಮಿಲ್ಲಾಗೆ ಓದಿ ಹೇಳಿದೆ. ಅವಳು ನನ್ನ ಹೆಂಡತಿ, ಅಕ್ಷರ ಬಾರದು, ಆದರೆ ನನಗಿಂತ ಲಗೂ ತಿಳಿಯುತ್ತದೆ.

"ಇರ್ತೀರೇನು ಬಿಡ್ತೀರೇನು ಅಂತ ಕೇಳ್ಯಾರ. ಇರ್ತೀನಿ ಅಂತ ಬರೀರಿ. ಮುಗೀತು."

"ಗಾದಿ ಬಂದಿಲ್ಲ."

"ಗಾದಿ ಏನು ಮಾತಾಡ್ತೈತೇನು? ಮಾಸ್ತರರು ಮಾತಾಡ್ಯಾರ."

"ಇರು ಅನ್ನೋರು ಗಾದಿ ಕಳಸ್ತಾರ. ಇದು ಬಿಡು ಅನ್ನೂ ಕಾಗದ. ಬಾಯಿಲೆ ಬಿಡು ಅನ್ನಾಕ ನಾಚಿಕಿ ಆಗಿ ನನ್ನ ಬಾಯಿಲೆ ಬಿಡ್ತೀನಿ ಅನ್ನಸ್ತಾರ."

"ನಿಮ್ಮ ತಲಿ!" ಅಂದು ರೊಟ್ಟಿ ಬಡಿಯಲು ಕೂತಳು.

ಅವಳು ನೋಡದ್ದನ್ನು ನಾನು ನೋಡಿದ್ದೇನೆ. ನನಗೆ ಒಂಬತ್ತು ವರ್ಷ, ನಾವು ಆಗ ಅಬ್ಬಿಗೇರಿಯಲ್ಲಿದ್ದೆವು. ನಮ್ಮಪ್ಪ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ. ಒಂದು ಬಾಡಿಗೆಯ ಪಡಸಾಲಿ ಇತ್ತು. ಆ ಮನೆಯ ಮಾಲೀಕರು ಒಂದು ಕಾಗದ ತಂದು, "ಮುಂದಿನ ವರ್ಷದ್ದು, ಹೆಬ್ಬಟ್ಟು ಒತ್ತು" ಅಂದರು. ಅಪ್ಪ ಒತ್ತಿದ. ಮುಂದಿನ ವಾರ ನಾಲ್ಕು ಜನ ಬಂದು ನಮ್ಮ ಸಾಮಾನು ಓಣಿಗೆ ಇಟ್ಟರು. ಕಾಗದದಲ್ಲಿ, ನಾನಾಗಿಯೇ ಬಿಡುತ್ತೇನೆ ಎಂದು ಬರೆದಿತ್ತಂತೆ. ಹಿಂಜಿಟ್ಟ ಹತ್ತಿಯ ಗುಡ್ಡೆಯನ್ನೂ ಓಣಿಯಲ್ಲಿ ಹಾಕಿದರು. ಗಾಳಿ ಬಿಟ್ಟಿತ್ತು. ಹತ್ತಿ ಮೇಲೆದ್ದು ಮಾಳಿಗೆಗಳ ಮೇಲೆ, ಬೇವಿನ ಗಿಡದ ಮೇಲೆ ಹೋಗಿ ಕೂತಿತು. ಅಪ್ಪ ಅದನ್ನು ಹಿಡಿಯಲು ಓಡುತ್ತಿದ್ದ, ಜನ ನಗುತ್ತಿದ್ದರು. ನಾನು ಅವ್ವನ ಸೆರಗಿನ ಹಿಂದೆ ನಿಂತು ಅವನ ಹೆಬ್ಬೆರಳನ್ನೇ ನೋಡುತ್ತಿದ್ದೆ, ಇನ್ನೂ ಮಸಿ ಇತ್ತು.

ಆಮೇಲೆ ಮೂರು ತಿಂಗಳು ನಮಗೆ ಎಲ್ಲೂ ಜಾಗ ಸಿಗಲಿಲ್ಲ.

ಹೀಗಾಗಿ ನಾನು ಉತ್ತರ ಬರೆಯಲಿಲ್ಲ, ಗಾದಿಯ ಹಾದಿ ಕಾದೆ. ಲಕ್ಕಲಕಟ್ಟಿ ಕಡೆಯಿಂದ ಟಂಟಂ ಆಟೋ ಬಂದು ನಿಂತಾಗಲೆಲ್ಲ ಎದ್ದು ಹೋಗಿ ಮೇಲೆ ಏನು ಕಟ್ಟಿದ್ದಾರೆಂದು ನೋಡುತ್ತಿದ್ದೆ. ಮೆಣಸಿನಕಾಯಿ ಚೀಲ, ಹುಲ್ಲಿನ ಸಿವುಡು, ಒಂದು ದಿನ ಒಂದು ಮಂಚ. ಗಾದಿ ಇಲ್ಲ. ಟಂಟಂದವನನ್ನು ಕೇಳಿದೆ. "ಲಕ್ಷ್ಮಪ್ಪಗೌಡ್ರೇನ್ರಿ? ದೀಪಾವಳಿಗೇ ಮಗನ ಮನಿಗೆ ಹೋದ್ರಲ್ಲ. ಬಾಗಲಾ ಕೀಲಿ ಐತಿ" ಅಂದ.

ನನಗೆ ಹೇಳದೆ ಹೋದರೇ? ಭಯ ಇನ್ನಷ್ಟು ಬೆಳೆಯಿತು. ಸಾವಕಾರರು ಮಗನ ಕೈಗೆ ವ್ಯವಹಾರ ಬಿಟ್ಟಿದ್ದಾರೆ. ಮಗನಿಗೆ ಪಿಂಜಾರ ಯಾಕೆ ಬೇಕು?

ಎಂಟನೇ ತಾರೀಖಿಗೆ ಆಶಿಕ ಬಂದ. ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಎಸ್‌ಟಿಡಿ ಬೂತು, ಪೆಟ್ಟಿಗೆಯಷ್ಟು ಜಾಗ. ಒಳ್ಳೆಯ ಹುಡುಗನೇ. ಬಂದವನು ಸಲಾಮ್ ಹೇಳಿ ನನ್ನ ಮಳಿಗೆಯ ಹೊಸ್ತಿಲಿನಿಂದ ಹಿಂದಿನ ಗೋಡೆಯವರೆಗೆ ಹೆಜ್ಜೆ ಹಾಕಿ ಎಣಿಸಿದ.

"ಏನ ಮಾಡ್ತೀಯೋ?"

"ಏನಿಲ್ಲ ಚಾಚಾ. ಝೆರಾಕ್ಸ್ ಮಷೀನ್ ತರಬೇಕಂತ ಮಾಡೀನಿ. ಎಷ್ಟ್ ಜಾಗ ಹಿಡೀತದ ನೋಡಾಕತ್ತೀನಿ."

"ನನ್ನ ಅಂಗಡ್ಯಾಗ?"

ಅವನ ಮುಖ ಕೆಂಪಾಯಿತು. "ನೀವು ಬಿಡ್ತೀರೇನಂತ ಮಾಸ್ತರರಿಗೆ ಕೇಳಿದ್ದೆ. ಅವರು, ಹದಿನೈದಕ್ಕ ಹೇಳ್ತೀನಿ, ಮದಲ ಲಾಡಸಾಬ ಕಾಕಾನ ಉತ್ತರ ಬರಲಿ ಅಂದ್ರು. ಉತ್ತರ ಬಂದಿಲ್ಲಂತ."

"ಬರ್ತೈತಿ" ಅಂದೆ.

"ಹಂಗಾರ ಇರ್ತೀರೇನು?"

ಹೌದು ಅನ್ನಬೇಕಿತ್ತು, ಅನ್ನಲಿಲ್ಲ. ಹೌದು ಎಂದರೆ ಇವನು ಮಾಸ್ತರರಿಗೆ ಹೇಳುತ್ತಾನೆ, ಇವನು ಎಷ್ಟು ಬಾಡಿಗೆ ಕೊಡುತ್ತಾನೋ, ಆಮೇಲೆ ಏನಾಗುತ್ತದೋ. ಮಷೀನಿನ ಬಟನ್ ಒತ್ತಿಬಿಟ್ಟೆ. ಆಶಿಕ ಏನೋ ಹೇಳಿದ, ಕೇಳಿಸಲಿಲ್ಲ. ಅವನ ತಲೆಯ ಮೇಲೆ ಅರಳೆ ಕೂತಿತ್ತು, ಕೊಡವಿಕೊಳ್ಳುತ್ತ ಹೋದ.

ಬಾಜೂದ ಚಹಾದ ಅಂಗಡಿಯ ಕರೆವ್ವ ಎಲ್ಲವನ್ನೂ ನೋಡುತ್ತಿದ್ದಳು. ಇಪ್ಪತ್ತು ವರ್ಷದಿಂದ ನನ್ನ ಅರಳೆಯನ್ನು ಬೈಯುತ್ತ ಬಂದವಳು.

"ಲಾಡಸಾಬಣ್ಣ, ಆ ಹುಡುಗ ಬಂದ್ರ ನನ್ನ ಚಹಾ ಚೊಕ್ಕ ಇರ್ತೈತಿ ನೋಡು."

"ಹಂಗಾರ ಅವನ್ನ ಕರಕೊ."

"ಕರಕೊಂತಿದ್ದೆ. ಆದ್ರ ಅಂವ ಚಹಾ ಕುಡಿಯಂಗಿಲ್ಲ. ನೀ ದಿನಾ ಆರ ಕಪ್ ಕುಡೀತಿ." ನಕ್ಕಳು. ನಾನು ನಗದ್ದನ್ನು ನೋಡಿ ಹತ್ತಿರ ಬಂದಳು. "ಯಾಕೋ ಅಣ್ಣ, ಖರೇ ಬಿಡ್ತೀ ಏನು?"

ಮರುದಿನದಿಂದ ನಾನು ಬೇರೆ ಜಾಗ ಹುಡುಕಿದೆ. ಯಾರಿಗೂ ತಿಳಿಯದ ಹಾಗೆ, ಮಷೀನಿನ ಪಟ್ಟಾ ತರಲು ಹೊರಟವನ ಹಾಗೆ. ರೋಣದ ರಸ್ತೆಯಲ್ಲಿ ಒಂದು ಖಾಲಿ ಮಳಿಗೆ ಇತ್ತು. ಮಾಲೀಕ ನನ್ನ ಗಡ್ಡದಲ್ಲಿ ಸಿಕ್ಕಿದ್ದ ಹತ್ತಿಯನ್ನು ನೋಡಿಯೇ, "ಹತ್ತಿ ಮಷೀನೇನ್ರಿ? ಬ್ಯಾಡ್ರಿ. ಬಾಜೂಕ ದವಾಖಾನಿ ಐತಿ" ಅಂದ. ಇನ್ನೊಬ್ಬ, ಮೂರು ಫೇಜ್ ಕರೆಂಟು ನೀವೇ ಎಳೆಸಿಕೊಳ್ಳಬೇಕು, ಅದಕ್ಕೆ ಆರು ತಿಂಗಳಾಗುತ್ತದೆ ಅಂದ. ಮೂರನೆಯವನು ಮಾತೇ ಆಡಲಿಲ್ಲ, ಕೈ ಅಲ್ಲಾಡಿಸಿದ. ನನ್ನ ಮಷೀನನ್ನು ನೆಲದಲ್ಲಿ ಸಿಮೆಂಟು ಹಾಕಿ ಬೋಲ್ಟಿನಿಂದ ಕೂರಿಸಿದ್ದೆ. ಅದನ್ನು ಎಬ್ಬಿಸಬಹುದು. ಆದರೆ ಎಲ್ಲಿ ಇಡುವುದು? ನನಗೆ ಆಗ ಅರವತ್ತೆರಡು.

ಹನ್ನೊಂದಕ್ಕೆ ಬಿಸ್ಮಿಲ್ಲಾ, "ಬರಿಯಾಕ ಹೆದರಿಕಿ ಆದ್ರ ಫೋನರ ಮಾಡ್ರಿ" ಅಂದಳು. ಹತ್ತಿರದ ಬೂತು ಆಶಿಕನದು. ಅವನ ಮುಂದೆ ನಿಂತು ಹೇಗೆ ಮಾತಾಡುವುದು! ಬಜಾರದ ಕೊನೆಗಿದ್ದ ಬೇರೆ ಬೂತಿಗೆ ನಡೆದುಹೋದೆ. ನಂಬರು ಹಚ್ಚಿಸಿದೆ. ಒಬ್ಬ ಹೆಣ್ಣುಮಗಳು "ಹಲೋ, ಯಾರ್ರಿ?" ಅಂದಳು. ಅವಳ ಹಿಂದೆ ಯಾರೋ ದೊಡ್ಡದಾಗಿ ನರಳಿದ ಹಾಗೆ ಕೇಳಿತು. ಫೋನು ಇಟ್ಟುಬಿಟ್ಟೆ.

ಹದಿಮೂರು ಹೋಯಿತು. ಹದಿನಾಲ್ಕು ಭಾನುವಾರ, ಅದೂ ಹೋಯಿತು. ನಾನು ಆ ಎರಡು ದಿನ ಹೊಸ ಕೆಲಸ ಹಿಡಿಯಲಿಲ್ಲ. ಚಲೋ ಸುಗ್ಗಿ ಅದು, ಹತ್ತಿ ಬಿಡಿಸಿ ಮನೆಗೆ ತಂದವರು, ಮಕ್ಕಳ ಲಗ್ನ ಇಟ್ಟುಕೊಂಡವರು ಗಾದಿ ಮಾಡಿಸಲು ಬರುತ್ತಿದ್ದರು. ಮೂವತ್ತೊಂದರ ನಂತರ ನಾನು ಎಲ್ಲಿರುತ್ತೇನೋ, ಅವರ ಹತ್ತಿ ಎಲ್ಲಿರುತ್ತದೋ ಎಂದು ತಿರುಗಿಸಿ ಕಳಿಸಿದೆ.

ಹದಿನೈದು, ಸೋಮವಾರ. ಬೆಳಿಗ್ಗೆ ಅಂಗಡಿ ತೆಗೆಯಲು ಹೊರಟವನ ಕೈಯಿಂದ ಬಿಸ್ಮಿಲ್ಲಾ ಕೀಲಿ ಕಸಿದುಕೊಂಡಳು.

"ಎಲ್ಲಿಗೆ ಹೊಂಟ್ರಿ?"

"ಅಂಗಡಿಗೆ."

"ಅಂಗಡಿ ಇವತ್ತ ನರಗುಂದದಾಗ ಐತಿ. ಅಲ್ಲಿಗೆ ಹೋಗ್ರಿ. ಬಿಡು ಅಂದ್ರ ಬಿಡು ಅಂತಾರ, ಅವರ ಬಾಯಿಲೆ ಕೇಳಿ ಬರ್ರಿ. ಹದಿಮೂರು ದಿನ ಆತು, ನೀವು ಉಂಡಿದ್ದು ನಾ ನೋಡಿಲ್ಲ. ನಿಮ್ಮಪ್ಪ ಓದಲಾರದ ಹೆಬ್ಬಟ್ಟು ಒತ್ತಿದ. ನಿಮಗ ಓದಾಕ ಬರ್ತೈತಿ. ಓದಾಕ ಬಂದೂ ಹಿಂಗ ಕುಂತ್ರ ಹ್ಯಾಂಗ?"

ಅಷ್ಟು ವರ್ಷದಲ್ಲಿ ನಮ್ಮಪ್ಪನ ಮಾತು ಅವಳು ಎತ್ತಿದ್ದು ಅದೊಂದೇ ಸಲ.

ನರಗುಂದಕ್ಕೆ ರೋಣದಲ್ಲಿ ಬಸ್ಸು ಬದಲಿಸಬೇಕು. ರೋಣದ ನೇರ ಬಸ್ಸು ಕಣ್ಣೆದುರೇ ಹೋಯಿತು. ನರೇಗಲ್ಲ ಮೇಲೆ ಸುತ್ತಿ ಹೋಗುವ ಇನ್ನೊಂದು ಸಿಕ್ಕಿತು. ಅದು ಅಬ್ಬಿಗೇರಿಯಲ್ಲಿ ನಿಲ್ಲುತ್ತದೆಂದು ಹತ್ತಿದ ಮೇಲೆ ನೆನಪಾಯಿತು. ಎರಡೂ ಕಡೆ ಕರಿನೆಲ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸಾಲಾಗಿ ಬಾಗಿದ್ದರು. ಅಬ್ಬಿಗೇರಿಯಲ್ಲಿ ಬಸ್ಸು ನಿಂತಾಗ ನಾನು ಕಣ್ಣು ಮುಚ್ಚಿ ಕೂತೆ. ಹೊರಗೆ ಯಾರೋ ಜೋರಾಗಿ ನಕ್ಕರು. ಐವತ್ತಮೂರು ವರ್ಷದ ಹಿಂದಿನ ನಗೆಯೇ ಕೇಳಿದಂತಾಗಿ ಅಂಗಿಯ ಕಿಸೆಯಲ್ಲಿದ್ದ ಕಾಗದವನ್ನು ಒತ್ತಿ ಹಿಡಿದುಕೊಂಡೆ.

ರೋಣದಲ್ಲಿ ನರಗುಂದದ ಬಸ್ಸಿಗೆ ಎರಡು ತಾಸು ಕೂತೆ. ಬಸ್‌ಸ್ಟ್ಯಾಂಡಿನ ಗಡಿಯಾರ ಕೆಟ್ಟು ನಿಂತಿತ್ತು. ಪದೇ ಪದೇ ಪಕ್ಕದವರನ್ನು ಎಷ್ಟಾತ್ರಿ ಎಂದು ಕೇಳುತ್ತಿದ್ದೆ. ಕೊನೆಗೆ ಒಬ್ಬಾತ, "ಅಜ್ಜಾ, ಕೋರ್ಟಿನ ತಾರೀಖು ಐತೇನು?" ಅಂದ.

"ಹಂಗ ಅಂತ ತಿಳಕೊ."

"ಹಂಗಾರ ಕೋರ್ಟು ಇಲ್ಲೇ ಐತಿ. ನರಗುಂದಕ್ಕ ಯಾಕ ಹೊಂಟಿ?" ಎಂದು ನಕ್ಕ.

ನರಗುಂದದಲ್ಲಿ ಇಳಿದಾಗ ಸಂಜೆ. ಗುಡ್ಡದ ನೆರಳು ಊರಿನ ಮೇಲೆ ಬಿದ್ದಿತ್ತು. ಮಾಸ್ತರರ ಮನೆ ಕೇಳಿಕೊಂಡು ಹೋದೆ. ಬಾಗಿಲು ತೆಗೆದವಳು ಸೊಸೆ ರಾಜೇಶ್ವರಿ.

"ಯಾರ್ರಿ?"

"ಗಜೇಂದ್ರಗಡದಿಂದ ಬಂದೀನ್ರಿ. ಲಾಡಸಾಬ."

"ಅಯ್ಯ, ಬರ್ರಿ ಒಳಗ!" ಎಂದವಳು ಒಳಗೆ ತಿರುಗಿ, "ಮಾವಾರ, ನಿಮ್ಮ ಲಾಡಸಾಬ ಬಂದ್ರು ನೋಡ್ರಿ" ಎಂದು ಕೂಗಿದಳು.

ನಿಮ್ಮ ಲಾಡಸಾಬ. ಆ ಮಾತು ಕೇಳಿ ಸ್ವಲ್ಪ ಧೈರ್ಯ ಬಂತು. ಆದರೆ ಒಳಗಿನ ಖೋಲಿಯ ಬಾಗಿಲಲ್ಲಿ ನಿಂತಾಗ ಅದೂ ಹೋಯಿತು. ಲಕ್ಷ್ಮಪ್ಪನವರು ಮಂಚದ ಮೇಲೆ ಮಲಗಿದ್ದರು, ಅರ್ಧ ಮನುಷ್ಯ ಆಗಿದ್ದರು. ದೀಪಾವಳಿಗೆ ಬಂದವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರಂತೆ. ಒಂದು ತಿಂಗಳ ಮೇಲಾಗಿತ್ತು, ಎದ್ದು ಕೂರುವ ಹಾಗಿರಲಿಲ್ಲ. ಮತ್ತೆ ಅವರ ಕೆಳಗೆ, ನೀಲಿ ಪಟ್ಟಿಯ ಬಟ್ಟೆ, ಅಂಚಿಗೆ ನನ್ನ ಕೈ ಹೊಲಿಗೆಯ ಟಾಕಾ. ಆ ಗಾದಿ.

ಅದನ್ನೇ ನೋಡುತ್ತ ನಿಂತುಬಿಟ್ಟೆ.

"ಲಾಡಸಾಬ" ಅಂದರು. ದನಿ ಸಣ್ಣದಾಗಿತ್ತು. "ಈ ಸಲ ಕಳಸಾಕ ಆಗಲಿಲ್ಲೋ. ಲಕ್ಕಲಕಟ್ಟಿಯಿಂದ ಟೆಂಪೋದಾಗ ಇದನ್ನ ತರಿಸಿ ಮಲಗೀನಿ. ದವಾಖಾನಿ ಗಾದಿ ಮ್ಯಾಲೆ ನಿದ್ದಿ ಹತ್ತಲಿಲ್ಲ."

ನನಗೆ ಅಳು ಬಂತು. ಹದಿಮೂರು ದಿನ ನಾನು ಬೈದುಕೊಂಡ ಮನುಷ್ಯ ಇಲ್ಲಿ ನನ್ನ ಟಾಕಾದ ಮೇಲೆ ನರಳುತ್ತ ಬಿದ್ದಿದ್ದ. ಆದರೆ ಭಯ ಹೋಗಲಿಲ್ಲ. ಬಿಟ್ಟು ಹೋಗು ಅಂದವರು ಇವರಲ್ಲ, ಸರಿ. ಆದರೆ ಉತ್ತರ ಕೇಳಿದವರೂ ಇವರಲ್ಲ, ಮಗ.

ಸಿದ್ದರಾಮೇಶ ಮಾಸ್ತರರು ಸಾಲಿಯಿಂದ ಬರುವ ಹೊತ್ತಿಗೆ ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಕೈಯಲ್ಲಿ ಔಷಧದ ಚೀಲ. ನನ್ನನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

"ಕಾಕಾ, ನಾನು ಈಗ ಆಶಿಕಗ ಫೋನ್ ಮಾಡಾಂವ ಇದ್ದೆ."

"ಮಾಡಿದ್ರೇನ್ರಿ ಸರ?"

"ಇಲ್ಲ. ತಾರೀಖು ಇನ್ನ ಮುಗದಿಲ್ಲ. ಊಟ ಮಾಡಿ ಮಾಡೂಣಂತ ಇದ್ದೆ." ನನ್ನ ಎದುರು ಕೂತರು. ಸಿಟ್ಟಿರಲಿಲ್ಲ, ದಣಿದಿದ್ದರು. "ಕಾಕಾ, ನಾ ಕೇಳಿದ್ದು ಇಷ್ಟ. ಇರ್ತೀರೋ, ಬಿಡ್ತೀರೋ. ಒಂದು ಕಾರ್ಡ್ ಬರದಿದ್ರ ಸಾಕಿತ್ತು. ನೀವು ಬಿಡೋರಾದ್ರ ಆ ಜಾಗ ಎರಡು ತಿಂಗಳ ಖಾಲಿ ಬೀಳಬಾರದು, ಅಪ್ಪಾರ ಔಷಧ ಆ ಬಾಡಿಗಿ ಮ್ಯಾಲೆ ನಡದೈತಿ. ಅದಕ್ಕ ತಾರೀಖು ಹಾಕಿದ್ದು. ರಜಿಸ್ಟರ್ ಯಾಕಂದ್ರ ಸಾದಾ ಕಾಗದ ಮುಟ್ಟಿತೋ ಇಲ್ಲೋ ತಿಳಿಯಂಗಿಲ್ಲ. ನೀವು ಸುಮ್ಮನ ಕುಂತ್ರಿ. ನಾವು ಏನು ತಿಳಕೋಬೇಕು?"

"ಒಂದು ಫೋನ್ ಬಂದಿತ್ತು" ಎಂದು ರಾಜೇಶ್ವರಿ ಒಳಗಿನಿಂದ ಅಂದಳು. "ಮಾತಾಡದ ಇಟ್ರು."

ನಾನು ನೆಲ ನೋಡಿದೆ.

"ಗಾದಿ ಬರಲಿಲ್ಲರಿ" ಅಂದೆ. ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ.

ಮಾಸ್ತರರಿಗೆ ಅರ್ಥವಾಗಲಿಲ್ಲ. "ಯಾವ ಗಾದಿ?" ಎಂದು ನನ್ನನ್ನೂ ತಂದೆಯನ್ನೂ ನೋಡಿದರು.

"ನನ್ನ ಗಾದಿನೋ" ಎಂದು ಲಕ್ಷ್ಮಪ್ಪನವರು ಮಂಚದಿಂದ ಅಂದರು. "ಕರಾರು ಮುಗಿಯೂ ಮುಂದ ಅದು ಅಂವನ ಅಂಗಡಿಗೆ ಹೋಗತೈತಿ. ನಿನಗ ಹೇಳೂದು ಮರತೆ."

"ಅಪ್ಪಾ, ಇಪ್ಪತ್ತು ವರ್ಷ ನೀವಿಬ್ರೂ ಗಾದಿ ಮ್ಯಾಲೆ ವ್ಯವಹಾರ ಮಾಡೀರೇನು?"

"ಬಾಂಡೂ ಮಾಡೀವಿ. ಗಾದಿ ಮದಲ."

ಮಾಸ್ತರರು ನಗಲೂ ಇಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ನನ್ನ ಮುಂದೆ ಇಟ್ಟರು. "ಕಾಕಾ, ಹ್ಯಾಂಗೂ ಬಂದೀರಿ. ಇರ್ತೀರಿ ಅಂದ್ರ ಎರಡ ಸಾಲ ಬರದು ಸಹಿ ಮಾಡ್ರಿ. ನಾಳೆ ಆಶಿಕ ನನಗ ಕೇಳಿದ್ರ ನಾ ತೋರಸಾಕ ಇರಲಿ. ಮೂವತ್ತನೇ ತಾರೀಖಿಗೆ ನಾನ ಬಂದು ಬಾಂಡ್ ಮಾಡ್ತೀನಿ."

ಖಾಲಿ ಹಾಳೆ. ಅದನ್ನು ನೋಡಿದರೆ ಅಬ್ಬಿಗೇರಿಯ ಓಣಿ ಕಾಣುತ್ತದೆ. ಮೇಲೆ ಏನೂ ಬರೆಯದ ಹಾಳೆಗೆ ಸಹಿ ಮಾಡಿದರೆ ಆಮೇಲೆ ಅದರ ಮೇಲೆ ಏನು ಬೇಕಾದರೂ ಬರೆಯಬಹುದಲ್ಲ. ಪೆನ್ನು ಹಿಡಿದೆ. ಮಾಸ್ತರರು ನೋಡುತ್ತಿದ್ದಾರೆ. ಹೊತ್ತು ಹೋಗುತ್ತಿದೆ. ಬರೆಯದಿದ್ದರೆ ಊಟವಾದ ಮೇಲೆ ಆಶಿಕನಿಗೆ ಫೋನು. ಬರೆದರೆ?

"ಸಿದ್ದರಾಮ" ಎಂದು ಲಕ್ಷ್ಮಪ್ಪನವರು ಕರೆದರು. "ನನ್ನ ತಲಿದಿಂಬು ತಗಿ."

"ಯಾಕಪ್ಪಾ? ತಲಿ ಕೆಳಗಾಗ್ತೈತಿ."

"ತಗೀ ಅಂದೆ. ಅಂವಗ ಕೊಡು. ಗಾದಿ ಕೊಡಾಕ ಆಗಂಗಿಲ್ಲ, ದಿಂಬು ಒಯ್ಯಲಿ. ಹಿಂಜಿ ಬಾಂಡಿನ ದಿನ ನಿನ್ನ ಕೈಯಾಗ ಕೊಡ್ತಾನ. ಅಲ್ಲಿತನ ನಾನು ಸೊಸಿ ಹಳೇ ಸೀರಿ ಮಡಚಿ ಇಟಕೊಂಡು ಮಲಗ್ತೀನಿ."

ಮಾಸ್ತರರು ತಂದೆಯ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ದಿಂಬನ್ನು ಎಳೆದು ನನ್ನ ತೊಡೆಯ ಮೇಲೆ ಇಟ್ಟರು. ಅದು ಬೆಚ್ಚಗಿತ್ತು. ಒಳಗೆ ಹತ್ತಿ ಗಂಟುಗಟ್ಟಿತ್ತು, ಕೈಗೆ ಕಲ್ಲಿನ ಹಾಗೆ ಸಿಕ್ಕಿತು.

ಆಮೇಲೆ ಬರೆದೆ. ಮೇಲೆ ಜಾಗ ಬಿಡದೆ ಹಾಳೆಯ ತುದಿಯಿಂದ ಶುರುಮಾಡಿ, ಅಕ್ಷರ ದೊಡ್ಡದಾಗಿ, "ನಾನು ಲಾಡಸಾಬ ಅಂಗಡಿ ಬಿಡುವುದಿಲ್ಲ. ಹನ್ನೊಂದು ತಿಂಗಳು ಇರತೇನಿ. ತಾರೀಖ ೧೫." ಕೊನೆಯ ಅಕ್ಷರದ ಬುಡಕ್ಕೇ ಸಹಿ ಮಾಡಿದೆ, ನಡುವೆ ಯಾರೂ ಏನನ್ನೂ ಸೇರಿಸದ ಹಾಗೆ. ಮಾಸ್ತರರು ಅದನ್ನು ನೋಡಿದರು. ನಾನು ಯಾಕೆ ಹಾಗೆ ಒತ್ತೊತ್ತಾಗಿ ಬರೆದೆನೆಂದು ಅವರಿಗೆ ತಿಳಿಯಿತು ಅಂತ ಕಾಣುತ್ತದೆ. ಇನ್ನೊಂದು ಹಾಳೆ ತೆಗೆದುಕೊಂಡು, "ಉತ್ತರ ಮುಟ್ಟಿತು, ಲಾಡಸಾಬ ಅವರೇ ಮುಂದುವರಿಯುತ್ತಾರೆ" ಎಂದು ಬರೆದು ತಮ್ಮ ಸಹಿ ಮಾಡಿ ನನಗೆ ಕೊಟ್ಟರು.

"ಇದನ್ನ ಕಿಸೆದಾಗ ಇಟಕೊರಿ. ಮುಂದಿನ ಸಲನೂ ನಾ ಕಾಗದನ ಕಳಸ್ತೀನಿ, ಕಾಕಾ. ಒಂದ ತಿಂಗಳ ಮದಲ. ನೋಡಿ ಹೆದರಬ್ಯಾಡ್ರಿ."

"ನೋಡಿದ ದಿನಾನ ಬರೀತೀನ್ರಿ" ಅಂದೆ. ಹೆದರುವುದಿಲ್ಲ ಅಂತ ಮಾತ್ರ ಅನ್ನಲಿಲ್ಲ.

ಅವತ್ತು ಅಲ್ಲಿಯೇ ಉಂಡು ಪಡಸಾಲೆಯಲ್ಲಿ ಮಲಗಿದೆ. ಬೆಳಿಗ್ಗೆ ಹೊರಡುವ ಮೊದಲು ಸಾವಕಾರರ ಗಾದಿಯನ್ನು ಅವರು ಮಲಗಿದ್ದಲ್ಲೇ ಅಂಚಿನಿಂದ ಬಿಚ್ಚಿ, ಸೊಂಟದ ಕೆಳಗೆ ಗಂಟಾಗಿದ್ದ ಹತ್ತಿಯನ್ನು ಕೈ ಹಾಕಿ ಬಿಡಿಸಿ ಸಡಿಲ ಮಾಡಿದೆ. ಬಿಲ್ಲಿಲ್ಲದೆ ಬೆರಳಿನಿಂದಲೇ ಹಿಂಜಿದೆ. ಅವರು ಕಣ್ಣು ಮುಚ್ಚಿ ನನ್ನ ಕೈ ಎಲ್ಲಿ ಹೋಗಬೇಕೆಂದು ಹೇಳುತ್ತಿದ್ದರು. "ಅಲ್ಲಿ. ಇನ್ನಷ್ಟು ಎಡಕ್ಕ. ಹಾಂ." ರಾಜೇಶ್ವರಿ ಕೊಟ್ಟ ಸೂಜಿಯಿಂದ ಟಾಕಾ ಹಾಕಿ ಎದ್ದೆ.

ಬಸ್ಸಿನಲ್ಲಿ ದಿಂಬನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡು ಕೂತೆ. ಪಕ್ಕದ ಹೆಣ್ಣುಮಗಳು, "ದವಾಖಾನಿಂದ ಬಂದ್ರೇನ್ರಿ? ಯಾರಿಗೆ ಆರಾಮಿಲ್ಲ?" ಎಂದು ಕೇಳಿದಳು. ಸುಮ್ಮನೆ ತಲೆ ಅಲ್ಲಾಡಿಸಿದೆ. ಹೆದರಿಕೆ ಪೂರಾ ಹೋಗಿರಲಿಲ್ಲ. ಈ ಸಲದ ಕರಾರು ಮುಂದಿನ ನವೆಂಬರಿಗೆ ಮುಗಿಯುತ್ತದೆ. ಅಂದರೆ ಅಕ್ಟೋಬರಿನಲ್ಲಿ ಕಾಗದ ಬರುತ್ತದೆ. ಆಗ ಈ ದಿಂಬಿನ ಮೇಲೆ ಮಲಗುವ ತಲೆ ಇರುತ್ತದೋ ಇಲ್ಲವೋ. ಆ ಲೆಕ್ಕ ಮಾಡಿಯಾದ ಮೇಲೆ ಕಿಟಕಿಯ ಹೊರಗೆ ನೋಡಲಿಲ್ಲ.

ಗಜೇಂದ್ರಗಡದಲ್ಲಿ ಇಳಿದು ಸೀದಾ ಅಂಗಡಿಗೆ ಹೋದೆ. ಬಿಸ್ಮಿಲ್ಲಾ ಕೀಲಿ ತೆಗೆದು ಹೊಸ್ತಿಲಲ್ಲಿ ಕೂತಿದ್ದಳು. ದಿಂಬು ನೋಡಿ ಎದ್ದು ಒಳಗೆ ಜಾಗ ಬಿಟ್ಟಳು. ಆಶಿಕ ರಸ್ತೆ ದಾಟಿ ಬಂದ.

"ಚಾಚಾ, ಏನಾತು?"

"ಬಿಡಂಗಿಲ್ಲ."

ಅವನ ಮುಖ ಇಳಿಯಿತು. "ಇದನ್ನ ಆವತ್ತ ಹೇಳಿದ್ರ ಆಗತಿತ್ತಲ್ಲ. ನಾ ಬೋರ್ಡ್ ಬರಿಯಾಕ ಕೊಟ್ಟಿದ್ದೆ."

"ನನ್ನ ತಪ್ಪು" ಅಂದೆ. ಖರೇನೇ ನನ್ನ ತಪ್ಪು. "ಕರೆವ್ವ, ಇಂವಗೊಂದ ಚಹಾ ಕೊಡು, ನನ್ನ ಲೆಕ್ಕಕ್ಕ."

"ಇಂವ ಕುಡಿಯಂಗಿಲ್ಲ ಅಂತ ಹೇಳೀನಿ."

"ಇವತ್ತ ಕುಡೀತೀನಿ ಕೊಡಬೇ" ಎಂದು ಆಶಿಕ ಚಹಾದಂಗಡಿಯ ಬಾಕಿನ ಮೇಲೆ ಕೂತ.

ನಾನು ದಿಂಬಿನ ಮೇಲುಹೊದಿಕೆಯ ಗಲೀಪು ಬಿಚ್ಚಿದೆ, ಹೊಲಿಗೆ ಕತ್ತರಿಸಲಿಲ್ಲ. ದಿಂಬನ್ನು ಹಾಗೇ ಹಿಂದಿನ ಗೋಡೆಯ ಹಲಗೆಯ ಮೇಲೆ, ಬಾಗಿಲಿನಿಂದ ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟೆ. ಮೂವತ್ತನೇ ತಾರೀಖಿನ ಬೆಳಿಗ್ಗೆ ಹಿಂಜಿದರೆ ಸಾಕು. ಅಲ್ಲಿಯವರೆಗೆ ಅದು ಅಲ್ಲಿಯೇ ಇರಲಿ. ಬಟನ್ ಒತ್ತಿದೆ. ಅರಳೆ ಎದ್ದು ಅದರ ಮೇಲೂ ಕೂತಿತು.